ಗುಂಪಿನ ಆಟದಲ್ಲಿ ಪದೇ ಪದೇ ಹೊಡೆಯುವ ಮಗು: ಮನೆಯವರಿಗೆ ಯಾವ ಮಾತಲ್ಲಿ ಹೇಳುವುದು?

ಯುಕೆಜಿ ಟೀಚರ್, ಕಾರವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನನ್ನ ಕ್ಲಾಸಲ್ಲಿ ಇಪ್ಪತ್ನಾಲ್ಕು ಮಕ್ಕಳು. ನಾನು, ಜೊತೆಗೆ ಒಬ್ಬರು ಆಯಾ. ಜೂನ್‌ನಿಂದ ಮಳೆ ಬಿಟ್ಟಿಲ್ಲ, ಅಂಗಳಕ್ಕೆ ಬಿಡಲು ಆಗುತ್ತಿಲ್ಲ. ಆಟ ಏನಿದ್ದರೂ ಕೋಣೆಯೊಳಗೆ, ಇಲ್ಲವೇ ವರಾಂಡದಲ್ಲಿ. ಒಬ್ಬ ಹುಡುಗ ಇದ್ದಾನೆ, ಇನ್ನೂ ಐದು ತುಂಬಿಲ್ಲ. ಇಲ್ಲಿ ಅವನನ್ನು ಪುಟ್ಟ ಎನ್ನುತ್ತೇನೆ. ಮಕ್ಕಳು ಗುಂಪಾಗಿ ಆಡುವಾಗ ಇವನು ಹೊಡೆಯುತ್ತಾನೆ. ಕಳೆದ ವಾರ ಮರದ ಬ್ಲಾಕಿನಿಂದ ಒಂದು ಮಗುವಿನ ಹಣೆಗೆ ಹೊಡೆದ, ಊದಿಕೊಂಡಿತು. ಆ ಮಗುವಿನ ತಾಯಿ ಕ್ಲಾಸಿನ ವಾಟ್ಸಾಪ್ ಗುಂಪಲ್ಲೇ "ಯಾರು ಹೊಡೆದದ್ದು?" ಎಂದು ಕೇಳಿದ್ದಾರೆ.

ಪುಟ್ಟನ ಮನೆಯಲ್ಲಿ ಕೊಂಕಣಿ. ಅಪ್ಪ ಟ್ರಾಲರ್ ಬೋಟಿನಲ್ಲಿ ಕೆಲಸ, ಅಮ್ಮ ಅಂಗಡಿಯಲ್ಲಿ. ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಾನೆ, ಮಧ್ಯಾಹ್ನ ಅಜ್ಜಿ ಬಂದು ಕರಕೊಂಡು ಹೋಗುತ್ತಾರೆ. ಹೆಡ್ ಮೇಡಂ "ಮನೆಯವರಿಗೆ ಹೇಳಿಬಿಡಿ" ಎಂದಿದ್ದಾರೆ. ನಾನು ಬರೆದಿಟ್ಟುಕೊಂಡ ಮೆಸೇಜ್ ಇದು, ಇನ್ನೂ ಕಳಿಸಿಲ್ಲ:

"ನಮಸ್ತೆ. ನಿಮ್ಮ ಮಗ ತುಂಬಾ ಹಠಮಾರಿ ಮತ್ತು ಒರಟು. ದಿನಾ ಬೇರೆ ಮಕ್ಕಳಿಗೆ ಹೊಡೆಯುತ್ತಾನೆ. ಎಲ್ಲ ಪಾಲಕರಿಂದ ದೂರು ಬರುತ್ತಿದೆ. ದಯವಿಟ್ಟು ಮನೆಯಲ್ಲಿ ಬುದ್ಧಿ ಹೇಳಿ."

ಇದು ಖಾರ ಜಾಸ್ತಿ ಆಯಿತು ಅಂತ ನನಗೇ ಅನಿಸುತ್ತಿದೆ. ಮೆತ್ತಗೆ ಮಾಡುವುದು ಹೇಗೆ?

ಕುಮಟಾದ ಅಮ್ಮ

ಖಾರವೇ. ನಮ್ಮ ಮಗಳ ಟೀಚರ್ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಮೊದಲು ಎರಡು ಒಳ್ಳೆ ಮಾತು, ನಡುವೆ ವಿಷಯ, ಕೊನೆಗೆ ಮತ್ತೆ ಒಂದು ಒಳ್ಳೆ ಮಾತು. "ಪುಟ್ಟ ತುಂಬಾ ಚುರುಕು, ಚೆನ್ನಾಗಿ ಹಾಡುತ್ತಾನೆ. ಆಟದಲ್ಲಿ ಸ್ವಲ್ಪ ಜೋರು. ನಗು ಮಾತ್ರ ಎಷ್ಟು ಚೆಂದ!" ಹೀಗೆ ಹೇಳಿದರೆ ಯಾರಿಗೂ ಬೇಜಾರಾಗಲ್ಲ.

ಇನ್ನೊಂದು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯಿತಲ್ವಾ. ಎರಡು ತಿಂಗಳು ಮನೆಯಲ್ಲಿದ್ದ ಅಪ್ಪ ಈಗ ಬೋಟ್ ಹತ್ತಿದ್ದಾನೆ. ಅಪ್ಪ ಕಾಣದೆ ಹೀಗೆ ಮಾಡುತ್ತಿರಬಹುದು. ಅದನ್ನೂ ಹೇಳಿ ನೋಡಿ.

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಟೀಚರ್, ಕಳಿಸದೆ ಇಟ್ಟದ್ದು ಒಳ್ಳೆಯದಾಯಿತು. ಆದರೆ ಮೆತ್ತಗೆ ಮಾಡಿದರೆ ಆ ಮೆಸೇಜ್ ಸರಿಹೋಗುವುದಿಲ್ಲ. ಅದರಲ್ಲಿ ನೀವು ಕಣ್ಣಾರೆ ಕಂಡದ್ದು ಏನೂ ಇಲ್ಲ, ತೊಂದರೆ ಅದು.

"ಹಠಮಾರಿ", "ಒರಟು" ಎರಡೂ ನಿಮ್ಮ ತೀರ್ಮಾನ. ಅಮ್ಮನಿಗೆ ಅದು "ನೀನು ಸರಿಯಾಗಿ ಬೆಳೆಸಿಲ್ಲ" ಎಂದೇ ಕೇಳಿಸುತ್ತದೆ. "ದಿನಾ" ಎಂದಿರಿ. ಅವರು ಒಂದೇ ಒಂದು ದಿನ ಹೊಡೆಯದ್ದನ್ನು ತೋರಿಸಿದರೂ ನಿಮ್ಮ ಮಾತು ಬಿದ್ದುಹೋಯಿತು. "ಎಲ್ಲ ಪಾಲಕರು" ಎಂದರೆ ಇಡೀ ಊರು ನಮ್ಮ ಮಗನ ಬಗ್ಗೆ ಮಾತಾಡುತ್ತಿದೆ ಎಂದಾಯಿತು. ಆಮೇಲೆ ಮಾತೆಲ್ಲ ಅದರ ಮೇಲೆಯೇ ನಡೆಯುತ್ತದೆ. ಹುಡುಗನ ವಿಷಯ ಬರುವುದೇ ಇಲ್ಲ.

ಕೊನೆಯ ಸಾಲು ಎಲ್ಲಕ್ಕಿಂತ ಅಪಾಯ. ಶಾಲೆಯಿಂದ "ಮನೆಯಲ್ಲಿ ಬುದ್ಧಿ ಹೇಳಿ" ಎಂದು ಬಂದರೆ ಎಷ್ಟೋ ಮನೆಗಳಲ್ಲಿ ಅದನ್ನು "ಎರಡು ಬಾರಿಸಿ" ಎಂದೇ ಓದಿಕೊಳ್ಳುತ್ತಾರೆ. ನಿಮಗೂ ಗೊತ್ತು, ನನಗೂ ಗೊತ್ತು.

ಕುಮಟಾದವರು ಹೇಳಿದ್ದು ಅರ್ಧ ಸರಿ. ಮಗುವಿನಲ್ಲಿ ನಿಜವಾಗಿ ಕಂಡ ಒಳ್ಳೆಯದನ್ನು ಹೇಳಲೇಬೇಕು. ಆದರೆ "ಸ್ವಲ್ಪ ಜೋರು" ಎಂದರೆ ಆ ಅಮ್ಮ ಮನೆಗೆ ಹೋಗಿ "ಅಕ್ಕೋರು ನಮ್ಮ ಮಾಣಿ ಚುರುಕು ಹೇಳಿದ್ರು" ಎನ್ನುತ್ತಾರೆ. ಇನ್ನೊಂದು ಮಗುವಿನ ಹಣೆ ಊದಿದೆ ಎಂಬುದು ಅವರಿಗೆ ಮುಟ್ಟುವುದೇ ಇಲ್ಲ. ಮುಂದೊಂದು ದಿನ ಬೇರೆ ಯಾರೋ ಹೇಳಿದಾಗ "ಟೀಚರ್ ನಮಗೆ ಹೇಳಲೇ ಇಲ್ಲವಲ್ಲ" ಎಂದು ನಿಮ್ಮ ಮೇಲೆಯೇ ಸಿಟ್ಟು. "ಹೊಡೆಯುತ್ತಾನೆ" ಎಂಬ ಮಾತನ್ನು ನುಂಗಬೇಡಿ. ಅದು ಬೈಗುಳ ಅಲ್ಲ, ಆದ ಕೆಲಸದ ಹೆಸರು.

ಅಪ್ಪ ಬೋಟಿಗೆ ಹೋದ ವಿಷಯ ನೀವಾಗಿ ತೆಗೆಯಲೇಬೇಡಿ. ಅವರ ಮನೆಯ ಕಾರಣ ಅವರ ಬಾಯಿಂದಲೇ ಬರಲಿ.

ಪೆಟ್ಟಾದ ವಿಷಯವನ್ನು ಎರಡೂ ಮನೆಗೆ ಅದೇ ದಿನ ಹೇಳಬೇಕು, ಅದಕ್ಕೆ ಕಾಯುವಂತಿಲ್ಲ. ಪದೇ ಪದೇ ಆಗುತ್ತಿದೆ ಎನ್ನುವುದಕ್ಕೆ ಮಾತ್ರ ಒಂದು ವಾರ ತೆಗೆದುಕೊಳ್ಳಿ. ಸಣ್ಣ ನೋಟ್‌ಬುಕ್ಕು ಸೊಂಟದಲ್ಲೇ ಇರಲಿ. ಹೊಡೆದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ. ಎಷ್ಟು ಹೊತ್ತಿಗೆ, ಯಾವ ಆಟ, ಹೊಡೆಯುವ ಮುಂಚಿನ ಗಳಿಗೆಯಲ್ಲಿ ಏನಾಯಿತು, ಹೊಡೆದ ಮೇಲೆ ಅವನಿಗೆ ಏನು ಸಿಕ್ಕಿತು. ಕೊನೆಯದನ್ನು ಬಿಡಬೇಡಿ. ಬ್ಲಾಕ್ ಸಿಕ್ಕಿತಾ, ಎದುರಿನವನು ಓಡಿಹೋದನಾ, ನೀವು ಬಂದು ಎತ್ತಿಕೊಂಡಿರಾ? ಏನೂ ಆಗದ ಹೊತ್ತನ್ನೂ ಬರೆಯಿರಿ. ಆ ನೋಟ್‌ಬುಕ್ಕೇ ನಿಮಗೆ ಮಾತು ಕೊಡುತ್ತದೆ.

ಅಂಕೋಲಾದ ತಾಯಿ

ಕ್ಷಮಿಸಿ, ನನಗೆ ಇದು ಸರಿ ಕಾಣುತ್ತಿಲ್ಲ. ಹೊಡೆಯುವ ಮಗುವಿನ ಮನೆಯವರಿಗೆ ಬೇಜಾರಾಗಬಾರದು ಅಂತ ಇಷ್ಟೆಲ್ಲ ಯೋಚನೆ. ಪೆಟ್ಟು ತಿಂದ ಮಗುವಿನ ಗತಿ ಏನು? ನನ್ನ ಮಗಳು ಕಳೆದ ವರ್ಷ ಇಡೀ ಹೀಗೇ ಪೆಟ್ಟು ತಿಂದಿದ್ದಾಳೆ. ಕೇಳಿದರೆ "ಮಕ್ಕಳಾಟ, ಬಿಡಿ" ಎಂದರು. ಅಂಥ ಮಗುವನ್ನು ಬೇರೆ ಸೆಕ್ಷನ್‌ಗೆ ಹಾಕಬೇಕು. ಹೆಸರು ಹೇಳಬೇಕು. ನಮಗೂ ತಿಳಿಯುವ ಹಕ್ಕಿಲ್ವಾ?

ಯುಕೆಜಿ ಟೀಚರ್, ಕಾರವಾರ

ಅಕ್ಕಾ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾನು ಇಲ್ಲಿ ಕೇಳಿದ್ದು ಪುಟ್ಟನ ಮನೆಯವರಿಗೆ ಹೇಳುವ ಬಗ್ಗೆ. ಪೆಟ್ಟಾದ ಮಗುವಿನ ಅಮ್ಮನಿಗೆ ಅವತ್ತೇ ಫೋನ್ ಮಾಡಿದ್ದೆ, ಐಸ್ ಇಟ್ಟದ್ದನ್ನೂ ಹೇಳಿದ್ದೆ. ಹೆಸರು ಮಾತ್ರ ಹೇಳಿಲ್ಲ.

ಅಕ್ಕೋರೇ, ಅಪ್ಪನ ಬಗ್ಗೆ ನೀವು ಹೇಳಿದ್ದು ಸರಿ. ಹೊಡೆಯುವುದು ಶುರುವಾದದ್ದೇ ಜೂನ್ ಕೊನೆಗೆ. ಆಗ ಅಪ್ಪ ಮನೆಯಲ್ಲೇ ಇದ್ದರು.

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಅಂಕೋಲಾದವರೇ, "ಮಕ್ಕಳಾಟ, ಬಿಡಿ" ಎಂದದ್ದು ತಪ್ಪು. ನಿಮಗೆ ಸಿಗಬೇಕಾದ ಉತ್ತರ ಬೇರೆ ಇತ್ತು. ಏನಾಯಿತು, ಎಲ್ಲಿ ಪೆಟ್ಟಾಯಿತು, ನಾವು ಏನು ಮಾಡಿದೆವು, ನಾಳೆಯಿಂದ ಏನು ಬದಲಾಯಿಸುತ್ತೇವೆ. ಇಷ್ಟನ್ನು ಶಾಲೆ ಹೇಳಲೇಬೇಕು. ಹೆಸರನ್ನು ನಿಮ್ಮ ಮಗಳೇ ಹೇಳಿರುತ್ತಾಳೆ, ಅದನ್ನು ತಡೆಯಲು ಆಗದು. ಆದರೆ ಶಾಲೆ ಹೌದೆಂದರೆ ಗುಂಪಿನಲ್ಲಿ ಆ ಮಗುವಿಗೆ ಒಂದು ಹೆಸರು ಅಂಟುತ್ತದೆ. ಮುಂದೆ ಯಾರು ತಳ್ಳಿದರೂ ಇವನೇ ಎನ್ನುತ್ತಾರೆ.

ಅಂಕೋಲಾದ ತಾಯಿ

ಊರು ಇಷ್ಟು ಸಣ್ಣದು. ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಶಾಲೆಯೊಂದೇ ಗೊತ್ತಿಲ್ಲದ ಹಾಗೆ ಇದ್ದರೆ ನಮಗೆ ಮೋಸ ಅನಿಸುತ್ತದೆ. ಇದನ್ನು ನಾನು ಒಪ್ಪುವುದಿಲ್ಲ.

ಹೊನ್ನಾವರದ ಅಪ್ಪ

ಆ ಕಡೆಯವನ ಮಾತನ್ನೂ ಕೇಳಿ. ನನ್ನ ಮಗ ಹೊಡೆಯುವವನಾಗಿದ್ದ.

ನಮಗೆ ವಿಷಯ ಗೊತ್ತಾದದ್ದು ಶಾಲೆಯಿಂದಲ್ಲ, ವ್ಯಾನ್ ಡ್ರೈವರ್ ಬಾಯಿಂದ. "ನಿಮ್ಮ ಹುಡುಗನ ಮೇಲೆ ಕಂಪ್ಲೇಂಟ್ ಇದೆಯಂತೆ, ಮೇಡಂ ಹೇಳಿದ್ರು" ಎಂದ. ನನ್ನ ಹೆಂಡತಿ ಮರುದಿನ ಗೇಟಿನ ಹತ್ತಿರ ಕೇಳಿದಳು. ಸುತ್ತ ಏಳೆಂಟು ತಾಯಂದಿರು ಕೊಡೆ ಹಿಡಿದು ನಿಂತಿದ್ದರು. ಅಲ್ಲೇ ಟೀಚರ್ "ಅವನನ್ನು ಕಂಡರೆ ಉಳಿದ ಮಕ್ಕಳಿಗೆ ಹೆದರಿಕೆ" ಎಂದುಬಿಟ್ಟರು, ಅದೂ ಮಗನ ಎದುರಿಗೇ. ಅವನು ಆಯಿಯ ಸೆರಗು ಹಿಡಿದು ಕೇಳಿಸಿಕೊಳ್ಳುತ್ತಿದ್ದ.

ಮನೆಯಲ್ಲಿ ಆ ರಾತ್ರಿ ನನ್ನ ತಾಯಿ ಸೊಸೆಗೆ ಬೈದರು, ಸೊಸೆ ಮಗನಿಗೆ ಎರಡು ಕೊಟ್ಟಳು. ಮಾರನೇ ದಿನ ಅವನು ಶಾಲೆಗೆ ಹೋಗಿ ಇನ್ನೂ ಜಾಸ್ತಿ ಹೊಡೆದ. "ಎಲ್ಲರಿಗೂ ನನ್ನ ಕಂಡರೆ ಹೆದರಿಕೆ" ಅಂತ ಮನೆಯಲ್ಲಿ ಖುಷಿಯಿಂದ ಹೇಳುತ್ತಿದ್ದ. ಆ ಮಾತು ಅವನಿಗೆ ಸಿಕ್ಕಿದ್ದು ಗೇಟಿನ ಹತ್ತಿರವೇ.

ನಮ್ಮನ್ನು ಕೂರಿಸಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಮನೆಯಲ್ಲಿ ಆಗ ತಂಗಿ ಹುಟ್ಟಿ ಮೂರು ವಾರವಾಗಿತ್ತು. ಯಾರೂ ಕೇಳಲಿಲ್ಲ.

ಯಲ್ಲಾಪುರದ ನಿವೃತ್ತ ಮಾಸ್ತರು

ಇಷ್ಟೆಲ್ಲ ಮಾತಿಗಿಂತ ಲಿಖಿತವಾಗಿರಲಿ. ಘಟನೆ, ದಿನಾಂಕ, ಪಾಲಕರ ಸಹಿ. ಬಾಯಿಮಾತಿನಲ್ಲಿ ಹೇಳಿದರೆ ನಾಳೆ "ಹೇಳಲೇ ಇಲ್ಲ" ಎನ್ನುತ್ತಾರೆ. ನನ್ನ ಶಾಲೆಯಲ್ಲಿ ರಿಜಿಸ್ಟರ್ ಇತ್ತು. ಮೂರು ಸಹಿ ಆದ ಮೇಲೆ ಎಲ್ಲರೂ ತಾವಾಗಿಯೇ ಸರಿಯಾಗುತ್ತಿದ್ದರು.

ಹೊನ್ನಾವರದ ಅಪ್ಪ

ಮಾಸ್ತರೇ, ನಿಮ್ಮದು ಹೈಸ್ಕೂಲ್ ಇರಬೇಕು. ಐದು ವರ್ಷ ತುಂಬದ ಕೂಸು ಯಾವ ಸಹಿಗೆ ಸರಿಯಾಗುತ್ತದೆ?

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಮಾಸ್ತರು ಹೇಳಿದ್ದರಲ್ಲಿ ಒಂದು ಅಂಶ ಇದೆ. ಪೆಟ್ಟಾದ ದಿನದ ದಾಖಲೆ ಶಾಲೆಯಲ್ಲಿ ಇರಬೇಕು. ಆದರೆ ಪಾಲಕರ ಜೊತೆಗಿನ ಮೊದಲ ಮಾತೇ ಸಹಿ ಹಾಕಿಸುವುದಾದರೆ ಅವರು ವಕೀಲರ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಮೊದಲು ಮಾತಾಡಿ. ಆಮೇಲೆ ಏನು ಒಪ್ಪಿಕೊಂಡೆವೋ ಅದನ್ನು ಎರಡು ಸಾಲಲ್ಲಿ ಬರೆದು ಅವರಿಗೂ ಕಳಿಸಿ.

ಯುಕೆಜಿ ಟೀಚರ್, ಕಾರವಾರ

ವಾರ ಮುಗಿಯಿತು. ನೋಟ್‌ಬುಕ್ಕಿನಿಂದ ಬರೆಯುತ್ತಿದ್ದೇನೆ.

ಸೋಮವಾರದಿಂದ ಶುಕ್ರವಾರದವರೆಗೆ ಎಂಟು ಸಲ ಹೊಡೆದ. ನಾನು "ದಿನಾ" ಎಂದು ಬರೆದಿದ್ದೆ. ನೋಡಿದರೆ ಬುಧವಾರ ಒಂದು ಸಲವೂ ಇಲ್ಲ. ಅವತ್ತು ಮಳೆ ಬಿಟ್ಟಿತ್ತು, ಮಕ್ಕಳು ಅಂಗಳದಲ್ಲಿ ಮರಳಾಟ ಆಡಿದರು.

ಎಂಟರಲ್ಲಿ ಆರು ಬ್ಲಾಕ್ ಮೂಲೆಯಲ್ಲಿ. ಅಲ್ಲಿ ನಾಲ್ಕೈದು ಮಕ್ಕಳು ಇರುತ್ತಾರೆ. ಇವನು ಏನೋ ಕಟ್ಟಿರುತ್ತಾನೆ, ಬೇರೆಯವರು ಅದರ ಮೇಲೆ ಒಂದು ಇಡಲು ಬರುತ್ತಾರೆ ಅಥವಾ ಒಂದು ತೆಗೆಯುತ್ತಾರೆ. ಆಗ ಕೈ ಬರುತ್ತದೆ. ಆ ಆರರಲ್ಲಿ ಮೂರು, ಸಾಮಾನು ಎತ್ತಿಡುವ ಗಂಟೆ ಹೊಡೆದ ಕೂಡಲೇ ಆದದ್ದು. ಉಳಿದ ಎರಡು ವರಾಂಡದ ಸಾಲಿನಲ್ಲಿ, ಯಾರೋ ಹಿಂದಿನಿಂದ ತಾಗಿದಾಗ.

ಹೊಡೆದ ಮೇಲೆ ಏನು ಸಿಕ್ಕಿತು ಅಂದಿರಲ್ಲ? ಪ್ರತಿ ಸಲ ಎದುರಿನ ಮಗು ಬಿಟ್ಟು ಓಡುತ್ತದೆ. ಬ್ಲಾಕ್ ಮೂಲೆ ಇವನಿಗೇ ಉಳಿಯುತ್ತದೆ.

ಒಬ್ಬರ ಜೊತೆ ಆಡುವಾಗ ಒಂದು ಸಲವೂ ಹೊಡೆದಿಲ್ಲ. ಇನ್ನೊಂದು ಗಮನಿಸಿದೆ. ಹೊಡೆಯುವ ಮುಂಚೆ ಬಾಯಲ್ಲಿ ಏನೂ ಹೇಳುವುದಿಲ್ಲ. "ಬೇಡ", "ನನ್ನದು" ಏನೂ ಇಲ್ಲ. ಆಯಾ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಾನೆ, ಅದೂ ಕಡಿಮೆಯೇ. ಸಾಲಿನಲ್ಲಿ ಹಿಂದಿನಿಂದ ಕರೆದರೆ ಕೆಲವು ಸಲ ತಿರುಗುವುದಿಲ್ಲ.

ಸ್ಟಾಫ್ ನರ್ಸ್, ಕಾರವಾರ

ಕೊನೆಯ ಸಾಲಿಗಾಗಿ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಯಾರಿಗೂ ಕೇಳಿಸುವುದಿಲ್ಲ, ಅದು ಬೇರೆ. ಮಳೆ ನಿಂತ ಹೊತ್ತಲ್ಲಿ, ಸದ್ದಿಲ್ಲದ ಕೋಣೆಯಲ್ಲಿ, ಅವನು ನಿಮ್ಮ ಮುಖ ನೋಡದಿರುವಾಗ ಮಾಮೂಲಿ ದನಿಯಲ್ಲಿ ಕರೆದು ನೋಡಿ. ಪದೇ ಪದೇ ಶೀತ ಆಗುವ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಕೆಲವು ವಾರ ಮಂದ ಕೇಳಿಸುವುದು ಉಂಟು. ನೋವಿರುವುದಿಲ್ಲ, ಹಾಗಾಗಿ ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ಗುಂಪಿನಲ್ಲಿ ನಾಲ್ವರು ಒಟ್ಟಿಗೆ ಮಾತಾಡಿದರೆ ಅಂಥ ಮಗುವಿಗೆ ಏನೂ ತಿಳಿಯುವುದಿಲ್ಲ.

ಪಾಲಕರಿಗೆ "ಕಿವಿ ಕೇಳಿಸುತ್ತಿಲ್ಲ" ಎನ್ನಬೇಡಿ. ಅದನ್ನು ಹೇಳುವುದು ನಿಮ್ಮ ಕೆಲಸವೂ ಅಲ್ಲ. ಟಿವಿ ಸೌಂಡ್ ಜಾಸ್ತಿ ಇಡುತ್ತಾನಾ, ಬಾಯಿ ತೆರೆದು ಮಲಗುತ್ತಾನಾ, ಕಿವಿ ಸೋರಿತ್ತಾ ಎಂದು ಕೇಳಿ. ಒಂದಕ್ಕೆ ಹೌದು ಎಂದರೂ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಲು ಹೇಳಿ. ಅಂಗನವಾಡಿಗಾದರೆ ಸರಕಾರದ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡುತ್ತದೆ. ನಿಮ್ಮದು ಖಾಸಗಿ ಶಾಲೆಯಾದರೆ ಮನೆಯವರೇ ಕರಕೊಂಡು ಹೋಗಬೇಕು.

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಈಗ ನಿಮ್ಮ ಕೈಯಲ್ಲಿ ಮಾತಿದೆ, ಟೀಚರ್. ಹಳೆ ಮೆಸೇಜ್ ಪಕ್ಕಕ್ಕಿಟ್ಟು ನೋಡಿ. "ಒರಟು ಹುಡುಗ" ಎಲ್ಲಿಗೆ ಹೋದ? ಕಟ್ಟಿದ್ದನ್ನು ಉಳಿಸಿಕೊಳ್ಳಲು ಬಾಯಿ ಬಾರದೆ ಕೈ ಬಳಸುವ ಹುಡುಗ ಉಳಿದ.

ಕರೆಯುವ ಮೆಸೇಜ್ ಅಮ್ಮನಿಗೆ ನೇರ ಹೋಗಲಿ. ಅಜ್ಜಿ, ವ್ಯಾನು, ಗುಂಪು ಯಾವುದೂ ಬೇಡ. ಕೂತು ಮಾತಾಡಲು ಹದಿನೈದು ನಿಮಿಷ ಸಾಕು, ಆದರೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಪುಟ್ಟ ಆ ಹೊತ್ತಿಗೆ ಆಯಾ ಜೊತೆ ಹೊರಗೆ ಇರಲಿ. ನಿಮ್ಮ ಕೊಂಕಣಿ ಸಾಲದಿದ್ದರೆ ಕೊಂಕಣಿ ಬರುವ ಇನ್ನೊಬ್ಬ ಟೀಚರ್ ಇರಲಿ. ಬೇರೆ ಪಾಲಕರನ್ನು ಕರೆಯಬೇಡಿ.

ಮಾತು ಹೀಗೆ ಶುರುವಾಗಲಿ:

"ಪುಟ್ಟ ಬ್ಲಾಕ್ ಹಿಡಿದು ಕೂತರೆ ಇಪ್ಪತ್ತು ನಿಮಿಷ ಅಲುಗುವುದಿಲ್ಲ. ಒಬ್ಬರ ಜೊತೆ ಚೆನ್ನಾಗಿ ಆಡುತ್ತಾನೆ. ನಾಲ್ಕೈದು ಮಕ್ಕಳು ಸೇರಿದಾಗ ಮಾತ್ರ ಹೊಡೆಯುತ್ತಾನೆ. ಕಳೆದ ವಾರ ಎಂಟು ಸಲ ಹೊಡೆದ. ಹೆಚ್ಚಿನವು ಅವನು ಕಟ್ಟಿದ್ದನ್ನು ಯಾರೋ ಮುಟ್ಟಿದಾಗ. ಅದರ ಹಿಂದಿನ ವಾರ ಒಂದು ಮಗುವಿನ ಹಣೆ ಊದಿತ್ತು, ಅದನ್ನು ಅವತ್ತೇ ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಇದು ನಿಲ್ಲಬೇಕು. ಅದಕ್ಕೆ ನಾವು ಶಾಲೆಯಲ್ಲಿ ಏನು ಮಾಡುತ್ತಿದ್ದೇವೆ ಎಂದು ಹೇಳುತ್ತೇನೆ. ಅದಕ್ಕೂ ಮೊದಲು, ಮನೆಯಲ್ಲಿ ಅವನು ಬೇರೆ ಮಕ್ಕಳ ಜೊತೆ ಆಡುವಾಗ ನೀವು ಏನು ನೋಡಿದ್ದೀರಿ?"

ಇಷ್ಟು ಹೇಳಿ ಸುಮ್ಮನಾಗಿ. ಅವರು ಏನೂ ಹೇಳದೆ ಕೂತರೂ ನೀವು ತುಂಬಲು ಹೋಗಬೇಡಿ. ನಮ್ಮಲ್ಲಿ ಹೆಚ್ಚಿನವರು ಇಲ್ಲೇ ಸೋಲುತ್ತಾರೆ. ಮೌನ ತಡೆಯದೆ "ಪರವಾಗಿಲ್ಲ, ಎಲ್ಲ ಮಕ್ಕಳೂ ಹೀಗೇ" ಎಂದುಬಿಡುತ್ತಾರೆ. ಅಲ್ಲಿಗೆ ವಿಷಯ ಕರಗಿತು.

"ಮನೆಯಲ್ಲಿ ಯಾರಾದರೂ ಹೊಡೆಯುತ್ತೀರಾ?" ಎಂದು ಮೊದಲೇ ಕೇಳಬೇಡಿ. ಕೇಳಿದರೆ ಸಿಗುವ ಉತ್ತರ "ಇಲ್ಲ" ಒಂದೇ.

ಅವರು "ಮನೆಯಲ್ಲಿ ಹೀಗೆ ಮಾಡುವುದೇ ಇಲ್ಲ" ಎನ್ನಬಹುದು. ಅದು ಸುಳ್ಳಾಗಬೇಕಿಲ್ಲ. "ಇರಬಹುದು. ಮನೆಯಲ್ಲಿ ಅವನ ಆಟ ಮುಟ್ಟುವವರು ಕಡಿಮೆ, ಇಲ್ಲಿ ಇಪ್ಪತ್ಮೂರು ಮಕ್ಕಳಿದ್ದಾರೆ" ಎನ್ನಿ. ವಾದ ಅಲ್ಲಿಗೇ ಮುಗಿಯುತ್ತದೆ.

"ನೀವೇ ಎರಡು ಕೊಡಿ ಅಕ್ಕೋರೇ, ನಮ್ಮದೇನೂ ಅಡ್ಡಿಯಿಲ್ಲ" ಎಂದೂ ಹೇಳುತ್ತಾರೆ. ನಗುತ್ತಾ ಬಿಟ್ಟುಬಿಡಬೇಡಿ. "ಇಲ್ಲಿ ಹೊಡೆಯುವುದಿಲ್ಲ. ಮನೆಯಲ್ಲೂ ಬೇಡ. ಬೆಳಿಗ್ಗೆ ಹತ್ತಕ್ಕೆ ಆದದ್ದಕ್ಕೆ ಸಂಜೆ ಪೆಟ್ಟು ಬಿದ್ದರೆ ಯಾವುದಕ್ಕೆ ಬಿತ್ತು ಎಂದು ಅವನಿಗೆ ತಿಳಿಯುವುದಿಲ್ಲ. ಸಿಟ್ಟು ಬಂದಾಗ ಹೊಡೆಯಬಹುದು ಎಂಬುದಷ್ಟೇ ತಿಳಿಯುತ್ತದೆ" ಎಂದು ನೇರ ಹೇಳಿ. ದನಿ ಏರಿಸುವುದು ಬೇಡ, ನೆಗಾಡುವುದೂ ಬೇಡ. ಜ್ವರ ಎಷ್ಟಿದೆ ಎಂದು ಹೇಳುವ ದನಿ ಸಾಕು.

ಕುಮಟಾದ ಅಮ್ಮ

ಕರೆಯುವ ಮೆಸೇಜಲ್ಲಿ ಏನು ಬರೆಯುವುದು? "ಸ್ವಲ್ಪ ಮಾತಾಡಬೇಕು, ಬನ್ನಿ" ಎಂದು ಬಂದರೆ ನಾನಂತೂ ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಹೊನ್ನಾವರದ ಅಪ್ಪ

ಹೌದು. ವಿಷಯ ಏನು ಎಂದು ಒಂದು ಸಾಲು ಇರಲೇಬೇಕು.

ಯುಕೆಜಿ ಟೀಚರ್, ಕಾರವಾರ

ಹಾಗಾದರೆ ಇದು ಹೇಗಿದೆ? "ನಮಸ್ತೆ. ಪುಟ್ಟ ಗುಂಪಿನಲ್ಲಿ ಆಡುವಾಗ ಬೇರೆ ಮಕ್ಕಳಿಗೆ ಹೊಡೆಯುವ ವಿಷಯ ನಿಮ್ಮ ಜೊತೆ ಕೂತು ಮಾತಾಡಬೇಕು. ಈ ವಾರ ನಾನು ಗಮನಿಸಿ ಬರೆದಿಟ್ಟಿದ್ದೇನೆ, ನೀವು ಮನೆಯಲ್ಲಿ ನೋಡಿದ್ದು ನನಗೆ ಬೇಕು. ನೀವು ಬರುವವರೆಗೆ ಅವನಿಗೆ ಬೈಯಬೇಡಿ. ಗುರುವಾರ ಅಥವಾ ಶುಕ್ರವಾರ ಮೂರೂವರೆಗೆ ಆಗುತ್ತದಾ? ಪುಟ್ಟನ ಅಪ್ಪ ಫೋನಲ್ಲಿ ಸಿಗುವಂತಿದ್ದರೆ ಅವರೂ ಇರಲಿ."

ಯಲ್ಲಾಪುರದ ನಿವೃತ್ತ ಮಾಸ್ತರು

"ಬೈಯಬೇಡಿ" ಎಂದು ತಂದೆ-ತಾಯಿಗೆ ನಾವು ಹೇಳುವುದೇ? ಅದು ಅವರ ಮನೆ.

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಆ ಸಾಲಿನ ಬಗ್ಗೆ ನನಗೂ ಅನುಮಾನ ಇದೆ. ಕೆಲವರಿಗೆ ಚುಚ್ಚುತ್ತದೆ. "ಅವನಿಗೆ ಈಗಲೇ ಏನೂ ಹೇಳುವುದು ಬೇಡ, ಮೊದಲು ನಾವು ಮಾತಾಡೋಣ" ಎಂದು ಬರೆಯಿರಿ. ಉಳಿದದ್ದು ಸರಿಯಾಗಿದೆ.

ಶಾಲೆಯಲ್ಲಿ ನೀವು ಮಾಡುವುದನ್ನು ಹೇಳುವಾಗ ಈಗಾಗಲೇ ಶುರು ಮಾಡಿದ್ದನ್ನೇ ಹೇಳಿ. ಬ್ಲಾಕ್ ಮೂಲೆಯಲ್ಲಿ ಒಮ್ಮೆಗೆ ಇಬ್ಬರೇ. ನೆಲದಲ್ಲಿ ಚಾಕಿನ ಗೆರೆ, ಗೆರೆಯೊಳಗೆ ಅವನು ಕಟ್ಟಿದ್ದನ್ನು ಕೇಳದೆ ಯಾರೂ ಮುಟ್ಟುವಂತಿಲ್ಲ. ಗಂಟೆಗೆ ಐದು ನಿಮಿಷ ಮುಂಚೆ ಅವನ ಹತ್ತಿರ ಹೋಗಿ, ಮುಖ ನೋಡಿ, "ಇನ್ನು ಸ್ವಲ್ಪ ಹೊತ್ತಲ್ಲಿ ಎತ್ತಿಡುತ್ತೇವೆ" ಎನ್ನುವುದು. ಜೊತೆಗೆ ಒಂದು ಮಾತು ಕಲಿಸಿ. ಅಂಗೈ ಮುಂದೆ ಹಿಡಿದು "ನಕಾ" ಎನ್ನಲಿ. ಕೊಂಕಣಿಯಾದರೇನು, ಕೈ ಕಂಡರೆ ಉಳಿದ ಮಕ್ಕಳಿಗೂ ತಿಳಿಯುತ್ತದೆ. ಹೊಡೆದಾಗ ಬ್ಲಾಕ್ ಮೂಲೆ ಅವನಿಗೆ ಉಳಿಯಬಾರದು. ನೀವು ಹೋಗಿ ಮೊದಲು ಪೆಟ್ಟು ತಿಂದ ಮಗುವನ್ನು ನೋಡಿ, ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿ.

ಮನೆಗೆ ಒಂದೇ ಒಂದು ಕೆಲಸ ಕೊಡಿ, ಪಟ್ಟಿ ಬೇಡ. ಅಜ್ಜಿಗೆ ಚೆನ್ನೆಮಣೆ ಗೊತ್ತಿದ್ದರೆ ದಿನಾ ಹತ್ತು ನಿಮಿಷ ಆಡಲಿ. ಲೆಕ್ಕ, ಗೆಲುವು ಏನೂ ಬೇಡ. ಈಗ ನಿನ್ನದು, ಈಗ ನನ್ನದು ಎಂದು ಕಾಯುವುದು ಕೈಗೆ ಬಂದರೆ ಸಾಕು.

ಯುಕೆಜಿ ಟೀಚರ್, ಕಾರವಾರ

ಶುಕ್ರವಾರ ಬಂದಿದ್ದರು. ಅಮ್ಮ ಮತ್ತು ಅಜ್ಜಿ. ಅಪ್ಪ ಸಮುದ್ರದಲ್ಲಿ, ಫೋನ್ ಸಿಗಲಿಲ್ಲ.

ನಾನು ಬರೆದಿಟ್ಟುಕೊಂಡದ್ದನ್ನೇ ಹೇಳಿದೆ. "ಎಂಟು ಸಲ" ಎಂದಾಗ ಅಮ್ಮನ ಮುಖ ಕೆಂಪಾಯಿತು. "ಮನೆಯಲ್ಲಿ ಒಂದು ದಿನವೂ ಹೊಡೆದಿಲ್ಲ" ಎಂದರು. ನಾನು ಅಕ್ಕೋರು ಹೇಳಿದ ಹಾಗೆ "ಇರಬಹುದು" ಎಂದೆ. ಆಮೇಲಿನ ಮೌನ ನಿಜವಾಗಿ ಕಷ್ಟ. ಮೌನ ಮುರಿದವರು ಅಜ್ಜಿ. ಸಂಜೆ ಭಾವನ ಮಗ ಬರುತ್ತಾನಂತೆ, ಎಂಟು ವರ್ಷದವನು. ಇವನು ಕಟ್ಟಿದ್ದನ್ನೆಲ್ಲ ಒದ್ದು ಬೀಳಿಸಿ ನಗುತ್ತಾನಂತೆ. ದೊಡ್ಡವರು "ಆಟ" ಎಂದು ಸುಮ್ಮನಿರುತ್ತಾರಂತೆ. ಅಮ್ಮನಿಗೆ ಇದು ಗೊತ್ತೇ ಇರಲಿಲ್ಲ, ಆ ಹೊತ್ತಿಗೆ ಅವರು ಅಂಗಡಿಯಲ್ಲಿರುತ್ತಾರೆ.

ಕಿವಿಯ ಪ್ರಶ್ನೆಗಳನ್ನೂ ಕೇಳಿದೆ. ಹೋದ ಮಳೆಗಾಲದಲ್ಲಿ ಒಂದು ಕಿವಿ ಸೋರಿತ್ತಂತೆ, ಟಿವಿ ಜೋರು ಇಡುತ್ತಾನಂತೆ. ಡಾಕ್ಟರಿಗೆ ತೋರಿಸುತ್ತೇವೆ ಎಂದಿದ್ದಾರೆ. ಇನ್ನೂ ಹೋಗಿಲ್ಲ.

ಅಜ್ಜಿ ಏಳುವಾಗ "ಅವನ ಅಪ್ಪನೂ ಹೀಗೇ ಇದ್ದ, ಎರಡು ಬಿದ್ದ ಮೇಲೆ ಸರಿಯಾದ" ಎಂದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಇಬ್ಬರ ನಿಯಮ, ಗೆರೆ, ಮುಂಚೆ ಹೇಳುವುದು ಎಲ್ಲ ನಡೆಯುತ್ತಿದೆ. ಬ್ಲಾಕ್ ಮೂಲೆಯಲ್ಲಿ ಹೊಡೆಯುವುದು ಇಳಿದಿದೆ. ಸಾಲಿನಲ್ಲಿ ಹಾಗೇ ಇದೆ. ಬೆಳಿಗ್ಗೆ ವ್ಯಾನಿನಲ್ಲೂ ಹೊಡೆಯುತ್ತಾನೆ ಎಂದು ಡ್ರೈವರ್ ಈಗ ಹೇಳುತ್ತಿದ್ದಾರೆ. ಅದನ್ನು ನಾನು ನೋಡಿಲ್ಲ. ಪಾಲಕರಿಗೆ ಹೇಳಬೇಕಾ?

ಸ್ಟಾಫ್ ನರ್ಸ್, ಕಾರವಾರ

ಸಾಲಿನಲ್ಲಿ ಅವನನ್ನು ಕೊನೆಗೆ ನಿಲ್ಲಿಸಿ ನೋಡಿ. ಹಿಂದಿನಿಂದ ಯಾರೂ ತಾಗುವುದಿಲ್ಲ. ಕಿವಿ ತೋರಿಸುವುದನ್ನು ಮಾತ್ರ ಬಿಡಲು ಕೊಡಬೇಡಿ. "ತೋರಿಸಿದಿರಾ?" ಎಂದು ಕೇಳುವುದಕ್ಕಿಂತ "ಯಾವ ದಿನ ಹೋಗುತ್ತೀರಿ? ಅವತ್ತು ಅವನನ್ನು ಬೇಗ ಕಳಿಸುತ್ತೇನೆ" ಎನ್ನಿ.

ಶಿಶುವಿಹಾರದ ಹಳೆ ಅಕ್ಕೋರು, ಶಿರಸಿ

ಕೊನೆಗೆ ನಿಲ್ಲಿಸುವಾಗ ಶಿಕ್ಷೆಯ ಹಾಗೆ ಕಾಣದಿರಲಿ. ಬಾಗಿಲು ಹಾಕುವ ಕೆಲಸ ಕೊಡಿ.

ವ್ಯಾನಿನದ್ದು ನೀವು ಕಂಡದ್ದಲ್ಲ, ಹಾಗಾಗಿ ನಿಮ್ಮ ಮಾತಾಗಿ ಹೇಳಬೇಡಿ. ಡ್ರೈವರ್ ಹತ್ತಿರ ಕೇಳಿ, ಯಾವ ಸೀಟು, ಪಕ್ಕದಲ್ಲಿ ಯಾರು, ಯಾವಾಗ. ಅದೇ ನಾಲ್ಕು ಪ್ರಶ್ನೆ. ಎರಡು ದಿನ ಆಯಾ ವ್ಯಾನಿನಲ್ಲಿ ಬರಲು ಆದರೆ ಇನ್ನೂ ಒಳ್ಳೆಯದು.

ಹೊನ್ನಾವರದ ಅಪ್ಪ

ಡ್ರೈವರಿಗೆ ಇನ್ನೊಂದು ಮಾತು ಹೇಳಿ ಟೀಚರ್. ಮನೆ ಬಾಗಿಲಲ್ಲಿ ಅವನು ಏನೂ ಹೇಳಬಾರದು, ನಿಮಗೇ ಹೇಳಲಿ. ನನಗಾದರೆ "ವ್ಯಾನಿನಲ್ಲೂ ಆಗುತ್ತಿದೆಯಂತೆ, ನಾನು ನೋಡಿಲ್ಲ, ವಿಚಾರಿಸುತ್ತಿದ್ದೇನೆ" ಎಂದು ಇವತ್ತೇ ಹೇಳಿದರೆ ಬೇಕು. ವಾರ ಕಾದು ಹೇಳಿದರೆ ಮುಚ್ಚಿಟ್ಟರು ಅನಿಸುತ್ತದೆ. ಇದರಲ್ಲಿ ಅಕ್ಕೋರ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಅಂಕೋಲಾದ ತಾಯಿ

ಹಣೆ ಊದಿದ ಮಗುವಿನ ಅಮ್ಮನಿಗೆ ಗೆರೆಯ ವಿಷಯ, ಇಬ್ಬರೇ ಆಡುವ ವಿಷಯ ಹೇಳಿದಿರಾ ಟೀಚರ್? ಅವರೂ ಕಾಯುತ್ತಿರುತ್ತಾರೆ.

ಯುಕೆಜಿ ಟೀಚರ್, ಕಾರವಾರ

ಇನ್ನೂ ಇಲ್ಲ ಅಕ್ಕಾ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.